ಸೈನ್ ಒತ್ತುತ್ತಾ ಹೋದರೆ √3 ಎಲ್ಲಿಂದ ಬರುತ್ತೆ?

ಪ್ರಶ್ನೆ: ಸರ್, ನಾನು ಚಿಂತಾಮಣಿಯವಳು, ಬಿ.ಎಸ್ಸಿ. ಎರಡನೇ ವರ್ಷ ಓದ್ತಾ ಇದೀನಿ. ಕ್ಯಾಲ್ಕುಲೇಟರ್‌ನಲ್ಲಿ 1 ಹಾಕಿ ಮತ್ತೆ ಮತ್ತೆ sin ಒತ್ತಿದರೆ ಉತ್ತರ ಸೊನ್ನೆ ಕಡೆ ಹೋಗುತ್ತೆ, ಆದರೆ ತುಂಬಾ ನಿಧಾನ. ನಮ್ಮ ಮೇಷ್ಟ್ರು "ಅದು √(3/n) ಥರ ಇಳಿಯುತ್ತೆ" ಅಂದರು. ಈ 3 ಎಲ್ಲಿಂದ ಬಂತು? ವರ್ಗಮೂಲ ಯಾಕೆ? ಇನ್ನೊಂದು, ನನ್ನ ತಮ್ಮನ ಕ್ಯಾಲ್ಕುಲೇಟರ್‌ನಲ್ಲಿ ನಾಲ್ಕೇ ಸಲಕ್ಕೆ ಹೆಚ್ಚೂ ಕಡಿಮೆ ಸೊನ್ನೆ ಆಗಿಬಿಡುತ್ತೆ. ಯಾವುದು ಸರಿ?

ಉತ್ತರ: ಮೊದಲು ತಮ್ಮನ ಕ್ಯಾಲ್ಕುಲೇಟರ್ ವಿಷಯ ಮುಗಿಸೋಣ. ಅದು ಕೆಟ್ಟಿಲ್ಲ, ಡಿಗ್ರಿಯಲ್ಲಿದೆ ಅಷ್ಟೆ. ಪರದೆಯ ಮೇಲ್ಗಡೆ ಸಣ್ಣದಾಗಿ `D` ಅಥವಾ `DEG` ಅಂತ ಇರುತ್ತದೆ, ನೋಡಿ. ಡಿಗ್ರಿಯಲ್ಲಿ 1 ಹಾಕಿ sin ಒತ್ತಿದರೆ 0.01745 ಬರುತ್ತದೆ. ಇನ್ನೊಮ್ಮೆ ಒತ್ತಿದರೆ 0.0003046. ಪ್ರತಿ ಸಲವೂ ಸಂಖ್ಯೆ π/180ರಿಂದ, ಅಂದರೆ ಸುಮಾರು 0.01745ರಿಂದ ಗುಣವಾಗುತ್ತಾ ಹೋಗುತ್ತದೆ. ನಾಲ್ಕನೇ ಸಲಕ್ಕೆ ದಶಾಂಶ ಬಿಂದುವಿನ ಮುಂದೆ ಏಳು ಸೊನ್ನೆ. ಇದು ಗುಣೋತ್ತರ ಶ್ರೇಣಿಯ ಓಟ, ಅದರಲ್ಲಿ ನಿಮ್ಮ ಪ್ರಶ್ನೆಯ ಸ್ವಾರಸ್ಯ ಏನೂ ಇಲ್ಲ. ಪರೀಕ್ಷಿಸೋಕೆ ಒಂದು ಸುಲಭದ ದಾರಿ ಇದೆ. 1ರ ಸೈನ್ 0.8415 ಬಂದರೆ ರೇಡಿಯನ್, 0.01745 ಬಂದರೆ ಡಿಗ್ರಿ. ಇನ್ನು ಮುಂದೆ ನಾನು ಹೇಳೋದೆಲ್ಲಾ ರೇಡಿಯನ್ ಲೆಕ್ಕ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಕಳೆದ ಬೇಸಿಗೆಯಲ್ಲಿ ತುಮಕೂರಿನ ನಮ್ಮ ಮನೆ ಜಗುಲಿಯಲ್ಲಿ ನನ್ನ ಅಣ್ಣನ ಮಗಳನ್ನು ಕೂರಿಸಿಕೊಂಡು ಇದನ್ನೇ ಮಾಡಿದ್ದೆ. ಕರೆಂಟ್ ಹೋಗಿತ್ತು. ಒಳಗೆ ಹುಣಿಸೆಹಣ್ಣು ಬಿಡಿಸುವ ಕೆಲಸ ನಡೀತಿತ್ತು, ಬೀಜದ ರಾಶಿ ಪಕ್ಕದಲ್ಲೇ ಇತ್ತು. ಅವಳು 1 ಹಾಕಿ `=` ಒತ್ತಿದಳು, ಆಮೇಲೆ `sin(Ans)` ಬರೆದು `=` ಒತ್ತುತ್ತಾ ಹೋದಳು. ಹತ್ತು ಸಲಕ್ಕೆ ಒಂದು ಬೀಜ ಪಕ್ಕಕ್ಕೆ ಇಡೋದು ನನ್ನ ಕೆಲಸ. ಮೊದಲ ಬೀಜ ಇಡುವಾಗ ಪರದೆಯಲ್ಲಿ 0.46296 ಇತ್ತು. ಹತ್ತನೇ ಬೀಜಕ್ಕೆ, ಅಂದರೆ ನೂರು ಸಲ ಒತ್ತಿದ ಮೇಲೆ, 0.16885. "ಚಿಕ್ಕಪ್ಪ, ಇದು ಇವತ್ತು ಸೊನ್ನೆ ಆಗಲ್ಲ" ಅಂದಳು. ಅವಳು ಹೇಳಿದ್ದು ಸರಿ. ಯಾಕೆ ಆಗಲ್ಲ ಅನ್ನೋದರಲ್ಲೇ ನಿಮ್ಮ 3 ಅಡಗಿದೆ.

ಸೊನ್ನೆ ಕಡೆಗೇ ಹೋಗುತ್ತೆ ಅನ್ನೋದು ಸುಲಭ. 0ಗಿಂತ ದೊಡ್ಡದಾದ ಯಾವ x ತಗೊಂಡರೂ sin x ಅನ್ನೋದು xಗಿಂತ ಚಿಕ್ಕದು. ಒಂದು ಸಲ 0 ಮತ್ತು 1ರ ನಡುವೆ ಬಂದ ಮೇಲೆ ಶ್ರೇಣಿ ಇಳಿಯುತ್ತಲೇ ಇರುತ್ತದೆ, ಆದರೆ ಸೊನ್ನೆಗಿಂತ ಕೆಳಗೆ ಹೋಗೋದಿಲ್ಲ. ಹಾಗಾಗಿ ಅದು ಎಲ್ಲಾದರೂ ನೆಲೆ ನಿಲ್ಲಲೇಬೇಕು. ಆ ನೆಲೆ L ಆದರೆ sin L = L ಆಗಬೇಕು. ಅಂಥ L ಇರೋದು ಸೊನ್ನೆ ಒಂದೇ. ಇಷ್ಟು ನಿಮ್ಮ ಪಠ್ಯದಲ್ಲೂ ಇರುತ್ತದೆ. ಆದರೆ ಎಷ್ಟು ವೇಗದಲ್ಲಿ ಅಂತ ಇದು ಏನೂ ಹೇಳೋದಿಲ್ಲ.

ವೇಗ ತಿಳೀಬೇಕಾದರೆ ಒಂದು ಹೆಜ್ಜೆಯಲ್ಲಿ ಎಷ್ಟು ಇಳಿಯಿತು ಅಂತ ನೋಡಬೇಕು. ನನ್ನ ವಿದ್ಯಾರ್ಥಿಗಳಲ್ಲಿ ಬಹಳ ಜನ ಇಲ್ಲೇ ಎಡವುತ್ತಿದ್ದರು. "x ಚಿಕ್ಕದಾದಾಗ sin x ಅಂದರೆ x ತಾನೇ ಸರ್" ಅಂತ ಬರೆದುಬಿಡುತ್ತಿದ್ದರು. ಹಾಗೆ ಬರೆದರೆ ಶ್ರೇಣಿ ಇದ್ದಲ್ಲೇ ಇರುತ್ತದೆ, ಇಳಿಯೋದೇ ಇಲ್ಲ. ಇಳಿತ ಇರೋದೆಲ್ಲಾ ನಾವು ಬಿಟ್ಟ ಆ ಮುಂದಿನ ಪದದಲ್ಲಿ:

sin x = x − x³/6 + x⁵/120 − …

ಕೇರಳದ ಸಂಗಮಗ್ರಾಮದ ಮಾಧವ ಆರು ನೂರು ವರ್ಷದ ಹಿಂದೆಯೇ ಕಂಡುಕೊಂಡಿದ್ದ ಸಾಲು ಇದು. ನಮಗೆ ಬೇಕಾಗಿರೋದು ಇದರ ಎರಡನೇ ಪದ. ಒಂದು ಹೆಜ್ಜೆಗೆ ಇಳಿಯೋದು ಸುಮಾರು x³/6. ಸಂಖ್ಯೆ ಹಾಕಿ ನೋಡಿ. x = 0.1 ಇದ್ದಾಗ sin x = 0.0998334. ಇಳಿದಿದ್ದು 0.0001666. x = 0.05 ಆದಾಗ ಒಂದು ಹೆಜ್ಜೆಗೆ ಇಳಿಯೋದು 0.0000208 ಮಾತ್ರ. ಸಂಖ್ಯೆ ಅರ್ಧ ಆಯಿತು, ಆದರೆ ಹೆಜ್ಜೆ ಎಂಟರಲ್ಲಿ ಒಂದು ಪಾಲಾಯಿತು. ನಡೆಯಬೇಕಾದ ದೂರ ಅರ್ಧಕ್ಕೆ ಇಳಿದರೆ ಹೆಜ್ಜೆ ಅದಕ್ಕಿಂತ ಎಷ್ಟೋ ಜಾಸ್ತಿ ಕುಗ್ಗಿಬಿಡುತ್ತದೆ. ನಿಮಗೆ ಕಾಣ್ತಾ ಇರುವ ನಿಧಾನಕ್ಕೆ ಕಾರಣ ಇದೇ.

ಇಲ್ಲಿಂದ ವರ್ಗಮೂಲ ಬರೋದನ್ನು ಮೊದಲು ಒರಟಾಗಿ ನೋಡಿ. ದೂರ x, ಒಂದು ಹೆಜ್ಜೆ ಸುಮಾರು x³/6. ದೂರವನ್ನು ಹೆಜ್ಜೆಯಿಂದ ಭಾಗಿಸಿದರೆ 6/x². ಅಂದರೆ xನಿಂದ ಅರ್ಧಕ್ಕೆ ಇಳಿಯೋಕೆ ಬೇಕಾದ ಹೆಜ್ಜೆಗಳ ಸಂಖ್ಯೆ 1/x²ನ ಅಳತೆಯಲ್ಲಿ ಇರುತ್ತದೆ. n ಅನ್ನೋದು 1/x²ನ ಲೆಕ್ಕದಲ್ಲಿ ಬೆಳೆದರೆ x ಅನ್ನೋದು 1/√nನ ಲೆಕ್ಕದಲ್ಲಿ ಇಳಿಯಲೇಬೇಕು, ಅಲ್ವಾ? ವರ್ಗಮೂಲ ಬಂದಿದ್ದು ಹೀಗೆ. ಆದರೆ ಈ ಒರಟು ಲೆಕ್ಕ ಮುಂದೆ ಇರುವ ಸ್ಥಿರಾಂಕವನ್ನು ಸರಿಯಾಗಿ ಕೊಡೋದಿಲ್ಲ. ಇಳಿಯುತ್ತಾ ಹೋದಂತೆ ಹೆಜ್ಜೆಯೂ ಬದಲಾಗುತ್ತಾ ಇರುತ್ತದೆಯಲ್ಲ.

ಹಾಗಾದರೆ ಬದಲಾಗದ ಹೆಜ್ಜೆ ಹುಡುಕೋಣ. ಇದೇ ಈ ಲೆಕ್ಕದ ಕೀಲಿ. 1/x² ಅನ್ನೋದೇ ಹೆಜ್ಜೆಗಳ ಅಳತೆ ಅಂತ ಗೊತ್ತಾಯಿತು. ಸರಿ, xನ ಬದಲು 1/x²ನ್ನೇ ಗಮನಿಸೋಣ. ಶ್ರೇಣಿಯನ್ನು aₙ ಅಂತ ಕರೆಯೋಣ, 1/aₙ² ಅನ್ನೋದನ್ನು bₙ ಅಂತ ಕರೆಯೋಣ. aₙ ಸೊನ್ನೆ ಕಡೆ ಇಳಿದರೆ bₙ ಮೇಲಕ್ಕೆ ಹತ್ತುತ್ತದೆ. 1ರಿಂದ ಹೊರಟಾಗ ಸಿಗುವ ಸಂಖ್ಯೆಗಳು ಇವು:

| n | aₙ | bₙ | ಹಿಂದಿನ bಗಿಂತ ಎಷ್ಟು ಜಾಸ್ತಿ |
|---|---|---|---|
| 0 | 1 | 1 | |
| 1 | 0.84147 | 1.4123 | 0.412 |
| 2 | 0.74562 | 1.7987 | 0.386 |
| 3 | 0.67843 | 2.1727 | 0.374 |
| 4 | 0.62757 | 2.5391 | 0.366 |
| 5 | 0.58718 | 2.9004 | 0.361 |
| 10 | 0.46296 | 4.6657 | 0.349 |

ಕೊನೆಯ ಸಾಲಿನ 0.349 ಅಂದರೆ ಒಂಬತ್ತರಿಂದ ಹತ್ತಕ್ಕೆ ಹೋಗುವಾಗ ಆದ ಏರಿಕೆ. ಬಲಗಡೆಯ ಕಾಲಂ ನಿಧಾನವಾಗಿ ಇಳಿದು ಎಲ್ಲಿಗೆ ಬರ್ತಾ ಇದೆ? 0.333…ಕ್ಕೆ, ಅಂದರೆ 1/3ಕ್ಕೆ. ನಂಬಿಕೆ ಬರದಿದ್ದರೆ ಇನ್ನೂ ಕೆಳಗೆ ಹೋಗಿ ನೋಡಿ. x = 0.1 ಇದ್ದಾಗ 1/x² = 100. ಒಂದು ಸಲ sin ಒತ್ತಿ, ಬಂದದ್ದನ್ನು ವರ್ಗ ಮಾಡಿ 1ನ್ನು ಅದರಿಂದ ಭಾಗಿಸಿದರೆ 100.334. ಮೂರರಲ್ಲಿ ಒಂದು ಪಾಲು ಏರಿತು. aₙನ ಹೆಜ್ಜೆ ದಿನೇ ದಿನೇ ಕುಗ್ಗುತ್ತದೆ, ಆದರೆ bₙ ಮಾತ್ರ ಒಂದೇ ಅಳತೆಯ ಮೆಟ್ಟಿಲು ಹತ್ತಿದ ಹಾಗೆ ಸಲಕ್ಕೆ 1/3ರಂತೆ ಹತ್ತುತ್ತಾ ಹೋಗುತ್ತದೆ.

ಈ 1/3 ಯಾಕೆ ಬರುತ್ತೆ ಅಂತ ಎರಡು ಸಾಲಿನಲ್ಲಿ ತೋರಿಸಬಹುದು. ಒಂದು ಹೆಜ್ಜೆಯ ಏರಿಕೆ ಅಂದರೆ

1/sin²x − 1/x² = (x² − sin²x) / (x² sin²x) = (x − sin x)(x + sin x) / (x² sin²x)

ಮೇಲೆ ಎರಡು ಅಪವರ್ತನ ಇವೆ. x − sin x ಸುಮಾರು x³/6. x + sin x ಸುಮಾರು 2x. ಗುಣಿಸಿದರೆ x⁴/3. ಕೆಳಗೆ ಇರೋದು ಸುಮಾರು x⁴. ಭಾಗಿಸಿದರೆ 1/3. "ಸುಮಾರು" ಅನ್ನೋದನ್ನು ಲಿಮಿಟ್ ಅಂತ ಬರೆದರೆ ಪರೀಕ್ಷೆಯಲ್ಲಿ ಪೂರ್ತಿ ಅಂಕ ಸಿಗುವ ಸಾಧನೆ ಇದು. x³ರಿಂದ (x − sin x)ನ್ನು ಭಾಗಿಸಿದ್ದು 1/6ಕ್ಕೆ ಹೋಗುತ್ತದೆ, (x + sin x)/x ಅನ್ನೋದು 2ಕ್ಕೆ, x²/sin²x ಅನ್ನೋದು 1ಕ್ಕೆ. ಮೂರನ್ನೂ ಗುಣಿಸಿ ಅಷ್ಟೆ. ಇಲ್ಲಿ sin x ಬದಲು x ಹಾಕಬಹುದಾದ ಜಾಗ ಎರಡು: ಕೂಡುವಲ್ಲಿ ಮತ್ತು ಛೇದದಲ್ಲಿ. ಹಾಕಬಾರದ ಜಾಗ ಒಂದೇ, ಕಳೆಯುವಲ್ಲಿ. ಅಲ್ಲಿ ಹಾಕಿದರೆ ಎಲ್ಲಾ ಸೊನ್ನೆ ಆಗಿ ಕೈಯಲ್ಲಿ ಏನೂ ಉಳಿಯೋದಿಲ್ಲ.

ನಿಮ್ಮ 3ರ ಮೂಲ ಈಗ ಕೈಗೆ ಸಿಕ್ಕಿತು. 6 ಅನ್ನೋದು 3! ಇಂದ, ಅಂದರೆ ಸೈನ್ ಸರಣಿಯ ಎರಡನೇ ಪದದಿಂದ ಬಂತು. 2 ಬಂದಿದ್ದು ನಾವು ವರ್ಗ ಮಾಡಿದ್ದರಿಂದ. 2/6 = 1/3.

ಇನ್ನು ಒಂದು ಗೇಣು ಬಾಕಿ ಇದೆ. ಪ್ರತಿ ಏರಿಕೆ 1/3ರ ಕಡೆ ಹೋಗುತ್ತೆ ಅಂತ ತೋರಿಸಿದೆವು. ಆದರೆ ಮೊದಮೊದಲಿನ ಏರಿಕೆಗಳು 0.412, 0.386 ಅಂತ ದೊಡ್ಡದಾಗಿದ್ದವಲ್ಲ, ಅವು ಲೆಕ್ಕ ಕೆಡಿಸೋದಿಲ್ಲವೇ? ಇಲ್ಲ. bₙ ಅಂದರೆ b₀ಗೆ ಇಲ್ಲಿಯವರೆಗಿನ ಏರಿಕೆಗಳನ್ನೆಲ್ಲಾ ಕೂಡಿದ್ದು. (bₙ − b₀)/n ಅನ್ನೋದು ಆ ಏರಿಕೆಗಳ ಸರಾಸರಿ. 1ರಿಂದ ಹೊರಟಾಗ ಮೊದಲ ಸಾವಿರ ಹೆಜ್ಜೆಗಳ ಏರಿಕೆ ಒಟ್ಟು ಸೇರಿ 334.53. ಎಲ್ಲವೂ ಸರಿಯಾಗಿ 1/3 ಇದ್ದಿದ್ದರೆ 333.33 ಆಗಬೇಕಿತ್ತು. ಜಾಸ್ತಿ ಆಗಿದ್ದು ಬರೀ 1.2. ಅದನ್ನು ಸಾವಿರದಿಂದ ಭಾಗಿಸಿದರೇ ಉಳಿಯೋದು ಒಂದಿಷ್ಟು, ಲಕ್ಷದಿಂದ ಭಾಗಿಸಿದರೆ ಕಣ್ಣಿಗೆ ಕಾಣೋದೇ ಇಲ್ಲ. ಏರಿಕೆಗಳು ಒಂದು ಬೆಲೆಯ ಕಡೆ ಹೋದರೆ ಅವುಗಳ ಸರಾಸರಿಯೂ ಅದೇ ಬೆಲೆಯ ಕಡೆ ಹೋಗುತ್ತದೆ. ಪುಸ್ತಕಗಳಲ್ಲಿ ಇದು ಸ್ಟೋಲ್ಟ್ಸ್–ಚೆಸಾರೊ ಪ್ರಮೇಯ ಅನ್ನುವ ಹೆಸರಿನಲ್ಲಿ ಸಿಗುತ್ತದೆ. ಆದ್ದರಿಂದ bₙ/n → 1/3. ತಲೆಕೆಳಗು ಮಾಡಿದರೆ n·aₙ² → 3. ವರ್ಗಮೂಲ ತೆಗೆದರೆ

√n · aₙ → √3 = 1.73205…

ಮೇಷ್ಟ್ರು ಹೇಳಿದ್ದು ಇದನ್ನೇ.

ಕಂಪ್ಯೂಟರ್ ಇದ್ದರೆ ಬೀಜ ಎಣಿಸುವ ಕಷ್ಟ ಬೇಡ:

```
import math
x = 1.0
for n in range(1, 10001):
    x = math.sin(x)
    if n in (10, 100, 1000, 10000):
        print(n, x, x * math.sqrt(n))
```

ಕೊನೆಯ ಕಾಲಂನಲ್ಲಿ 1.464, 1.6885, 1.7264, 1.7314 ಅಂತ ಬರುತ್ತದೆ. 1.73205ರ ಹತ್ತಿರ ಬರ್ತಾ ಇದೆ, ಆದರೆ ಹತ್ತು ಸಾವಿರ ಸಲ ಆದ ಮೇಲೂ ನಾಲ್ಕನೇ ಅಂಕೆ ಕೂಡಿಲ್ಲ. ಇದನ್ನು ನೋಡಿ "ಸೂತ್ರ ತಪ್ಪಿರಬೇಕು" ಅಂದುಕೊಳ್ಳೋರು ಇದ್ದಾರೆ. ಸೂತ್ರ ಸರಿಯಾಗೇ ಇದೆ. ಆದರೆ ಈ ಕೊರತೆ ಎಲ್ಲಿಂದ ಬಂತು ಅನ್ನೋದನ್ನು ನೋಡದೆ ಮುಂದೆ ಹೋಗಬಾರದು. ನನಗಂತೂ ಇಡೀ ಲೆಕ್ಕದಲ್ಲಿ ಇದೇ ಹೆಚ್ಚು ಇಷ್ಟ.

ಏರಿಕೆ ಸರಿಯಾಗಿ 1/3 ಅಲ್ಲ, 1/3ಗಿಂತ ಚೂರು ಜಾಸ್ತಿ. ಸರಣಿಯಲ್ಲಿ ಇನ್ನೊಂದು ಪದ ಇಟ್ಟುಕೊಂಡು ಲೆಕ್ಕ ಹಾಕಿದರೆ

1/sin²x = 1/x² + 1/3 + x²/15 + …

ಪ್ರತಿ ಹೆಜ್ಜೆಯಲ್ಲೂ x²/15ರಷ್ಟು ಹೆಚ್ಚುವರಿ ಸೇರುತ್ತಾ ಹೋಗುತ್ತದೆ. x² ಎಷ್ಟು ಅಂತ ಈಗ ನಮಗೆ ಗೊತ್ತಲ್ಲ, ಸುಮಾರು 3/n. ಅಂದರೆ nನೇ ಹೆಜ್ಜೆಯ ಹೆಚ್ಚುವರಿ ಸುಮಾರು 1/(5n). ಇವನ್ನೆಲ್ಲಾ ಕೂಡಿದರೆ 1 + 1/2 + 1/3 + … + 1/n ಅನ್ನುವ ಹಳೆಯ ಪರಿಚಯದ ಮೊತ್ತದ ಐದನೇ ಒಂದು ಪಾಲು. ಆ ಮೊತ್ತ ಲಾಗ್ n ಥರ ಬೆಳೆಯುತ್ತದೆ. ಹಾಗಾಗಿ

bₙ = n/3 + (1/5) ln n + ಒಂದು ಸ್ಥಿರಾಂಕ + ಸೊನ್ನೆ ಕಡೆ ಹೋಗುವ ಚೂರು

ಲಾಗ್ ನಿಜವಾಗಿಯೂ ಅಲ್ಲಿ ಕೂತಿದೆಯೇ ಅಂತ ಸಂಖ್ಯೆಗಳಲ್ಲೇ ಹಿಡಿಯಬಹುದು. bₙನಲ್ಲಿ n/3 ಕಳೆದು ನೋಡಿ. n = 100ಕ್ಕೆ ಉಳಿಯೋದು 1.74. 1000ಕ್ಕೆ 2.19. 10000ಕ್ಕೆ 2.65. n ಹತ್ತು ಪಟ್ಟು ಆದಾಗಲೆಲ್ಲಾ ಸುಮಾರು 0.46 ಏರುತ್ತಿದೆ. (1/5) ln 10 ಎಷ್ಟು? 0.4605. ಮೊದಲ ಸಲ ಇದನ್ನು ಕೈಯಲ್ಲಿ ಲೆಕ್ಕ ಹಾಕಿ ಸರಿಹೊಂದಿದಾಗ ನನಗೆ ಆ ರಾತ್ರಿ ನಿದ್ದೆ ಬಂದಿರಲಿಲ್ಲ. ಸೈನ್ ಮಾತ್ರ ಒತ್ತಿದ್ದೇವೆ, ಲಾಗ್ ಗುಂಡಿ ಮುಟ್ಟೇ ಇಲ್ಲ, ಆದರೂ ಲಾಗ್ ಬಂದು ಕೂತಿದೆ.

ಈ ಹೆಚ್ಚುವರಿ ಎಷ್ಟು ಬೆಳೆದರೂ n/3ರ ಮುಂದೆ ಚಿಕ್ಕದೇ. ಆದ್ದರಿಂದ √3ಕ್ಕೆ ತೊಂದರೆ ಇಲ್ಲ, ಅಲ್ಲಿಗೆ ತಲುಪೋದು ತಡ ಆಗುತ್ತದೆ ಅಷ್ಟೆ.

ಇನ್ನೊಂದು ವಿಷಯ. ನೀವು 1ರಿಂದ ಹೊರಟಿರಿ. ಬೇರೆ ಸಂಖ್ಯೆಯಿಂದ ಹೊರಟರೆ? 0.1ರಿಂದ ಹೊರಟು ನೂರು ಸಲ ಒತ್ತಿ ನೋಡಿ, ಸಿಗೋದು 0.0866. ಆದರೆ √(3/100) ಅಂದರೆ 0.1732, ಬಂದದ್ದಕ್ಕೆ ಎರಡು ಪಟ್ಟು! ಇಲ್ಲೂ ಸೂತ್ರ ತಪ್ಪಿಲ್ಲ. 0.1ರಿಂದ ಹೊರಟರೆ b₀ = 100. ನೂರು ಹೆಜ್ಜೆಗೆ ಸೇರಿದ್ದು ಸುಮಾರು 33.4. ಒಟ್ಟು 133.4. ಹೊರಟ ಜಾಗದ 100 ಇನ್ನೂ ಭಾರವಾಗಿದೆ. n/3 ಅದನ್ನು ಚೆನ್ನಾಗಿ ಮೀರೋವರೆಗೂ ಕಾಯಬೇಕು. ನೂರಕ್ಕೆ ಒಂದರಷ್ಟು ಹತ್ತಿರ ಬರೋಕೆ ಹದಿನೈದು ಸಾವಿರ ಸಲ ಒತ್ತಬೇಕು. ಆದ್ದರಿಂದ ಚಿಕ್ಕ ಸಂಖ್ಯೆಯಿಂದ ಹೊರಟಾಗ √(3/n) ಅನ್ನೋದಕ್ಕಿಂತ 1/√(b₀ + n/3) ಅನ್ನೋದೇ ಕೈಗೆ ಒದಗುವ ಅಂದಾಜು. ಇದೇ ಅಂದಾಜಿನಿಂದ 0.1ರಿಂದ 0.05ಕ್ಕೆ ಇಳಿಯೋಕೆ ಎಷ್ಟು ಸಲ ಬೇಕು ಅಂತಲೂ ಹೇಳಬಹುದು. b ನೂರರಿಂದ ನಾನೂರಕ್ಕೆ ಏರಬೇಕು, ಸಲಕ್ಕೆ 1/3ರಂತೆ, ಅಂದರೆ ಸುಮಾರು 900 ಸಲ. ತೊಂಬತ್ತು ಬೀಜ.

ದೊಡ್ಡ ಸಂಖ್ಯೆಯಿಂದ, 2 ಅಥವಾ 50ರಿಂದ ಹೊರಟರೂ ಪರವಾಗಿಲ್ಲ. ಒಂದೇ ಸಲಕ್ಕೆ −1 ಮತ್ತು 1ರ ನಡುವೆ ಬಂದುಬಿಡುತ್ತದೆ. ಋಣ ಬಂದರೆ ಇಡೀ ಕಥೆ ಸೊನ್ನೆಯ ಆಚೆ ಬದಿಯಲ್ಲಿ ನಡೆಯುತ್ತದೆ, ಗಾತ್ರ ಅದೇ. π ಅಥವಾ ಅದರ ಪೂರ್ಣಾಂಕ ಗುಣಕಗಳಿಂದ ಹೊರಟರೆ ಮಾತ್ರ ಮೊದಲ ಹೆಜ್ಜೆಗೇ ಸೊನ್ನೆ, ಅಲ್ಲಿ ಈ ಸೂತ್ರಕ್ಕೆ ಕೆಲಸ ಇಲ್ಲ.

ಹಾಗೆಯೇ ತುಂಬಾ ಚಿಕ್ಕದರಿಂದ ಹೊರಡಬೇಡಿ. 0.00001 ಹಾಕಿ sin ಒತ್ತಿದರೆ ಹತ್ತಂಕಿಯ ಪರದೆಯಲ್ಲಿ ಅದೇ 0.00001 ವಾಪಸ್ ಬರುತ್ತದೆ. ಇಳಿತ ಆಗಿದೆ, ಆದರೆ ಅದು 10⁻¹⁶ಕ್ಕಿಂತ ತುಸು ಜಾಸ್ತಿ ಅಷ್ಟೆ. ಪರದೆಗೆ ಕಾಣಿಸೋದಿಲ್ಲ. ಸಂಖ್ಯೆ ನಿಂತುಬಿಟ್ಟಿದೆ ಅಂದುಕೊಂಡರೆ ಮೋಸ ಹೋಗ್ತೀರಿ.

ಈ ದಾರಿ ನಿಮಗೆ ಕೂತಿದೆಯಾ ಅಂತ ನೋಡಿಕೊಳ್ಳೋಕೆ ಒಂದು ಲೆಕ್ಕ ಕೊಡ್ತೀನಿ. sin ಬದಲು tan⁻¹ ಒತ್ತುತ್ತಾ ಹೋಗಿ, ರೇಡಿಯನ್‌ನಲ್ಲೇ. ಅದರ ಸರಣಿ x − x³/3 + … ಅಂತ ಶುರುವಾಗುತ್ತದೆ. ಹೆಜ್ಜೆ ಸೈನ್‌ದಕ್ಕಿಂತ ಎರಡು ಪಟ್ಟು ದೊಡ್ಡದು. ಹಾಗಾದರೆ 1/x² ಪ್ರತಿ ಸಲ 2/3ರಷ್ಟು ಏರಬೇಕು, ಶ್ರೇಣಿ √(3/(2n)) ಥರ ಇಳಿಯಬೇಕು. 1ರಿಂದ ಹೊರಟರೆ ಮೊದಲ ಎರಡು ಏರಿಕೆ 0.621 ಮತ್ತು 0.635 ಬರುತ್ತವೆ. ಸೈನ್‌ನಲ್ಲಿ ಏರಿಕೆ ಮೇಲಿನಿಂದ ಇಳಿದು 1/3ಕ್ಕೆ ಬರ್ತಾ ಇತ್ತು, ಇಲ್ಲಿ ಕೆಳಗಿನಿಂದ ಹತ್ತಿ 2/3ಕ್ಕೆ ಹೋಗುತ್ತದೆ. ಅದು ಯಾಕೆ ಅಂತ ಮುಂದಿನ ಪದ ಇಟ್ಟುಕೊಂಡು ನೀವೇ ಕಂಡುಹಿಡಿಯಿರಿ. ಸೈನ್ ಎಷ್ಟು ಸಲಕ್ಕೆ ಇಳಿಯುತ್ತೋ, ಇದು ಹೆಚ್ಚೂ ಕಡಿಮೆ ಅದರ ಅರ್ಧ ಸಲಕ್ಕೆ ಅಲ್ಲಿಗೆ ಬಂದಿರುತ್ತದೆ.